‘ಆಗಲ್ಲ’ ಅನ್ನುವುದಕ್ಕೂ ದಾರಿ ಬಿಡಿ: ಸೀನಿಯರ್ ಹತ್ತಿರ ರೆಫರಲ್ ಕೇಳುವ ಬಗೆ

ಬೆಂಗಳೂರಿನ ಯಾವುದಾದರೂ ಸಾಫ್ಟ್‌ವೇರ್ ಕಂಪನಿಯಲ್ಲಿ ಏಳೆಂಟು ವರ್ಷ ಕೆಲಸ ಮಾಡಿದವರ ಲಿಂಕ್ಡ್‌ಇನ್ ಇನ್‌ಬಾಕ್ಸ್ ತೆರೆದರೆ ಉತ್ತರವಿಲ್ಲದೆ ಉಳಿದ ಸಂದೇಶಗಳು ಸಾಲಾಗಿ ಸಿಗುತ್ತವೆ. ‘ಹಾಯ್ ಸರ್.’ ‘ಸರ್, ನಾನು ನಿಮ್ಮ ಕಾಲೇಜಿನ ಜೂನಿಯರ್.’ ‘ನಿಮ್ಮ ಕಂಪನಿಯಲ್ಲಿ ಏನಾದರೂ ಓಪನಿಂಗ್ ಇದೆಯಾ?’ ‘ದಯವಿಟ್ಟು ರೆಫರ್ ಮಾಡಿ ಸರ್, ಮನೆಯಲ್ಲಿ ತುಂಬ ಕಷ್ಟ ಇದೆ.’ ಬರೆದವರು ಒಳ್ಳೆಯ ಹುಡುಗರೇ. ಓದಿದವರೂ ಕಲ್ಲೆದೆಯವರಲ್ಲ. ಆದರೂ ಉತ್ತರ ಹೋಗಿಲ್ಲ. ಆ ಸಂದೇಶಕ್ಕೆ ‘ಆಯ್ತು’ ಅನ್ನಬೇಕಾದರೆ ಓದಿದವರಿಗೆ ಅರ್ಧ ಗಂಟೆಯ ಕೆಲಸ ಬೀಳುತ್ತದೆ. ‘ಆಗಲ್ಲ’ ಅನ್ನಬೇಕಾದರೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಎರಡೂ ಕಷ್ಟವಾದಾಗ ‘ಆಮೇಲೆ ನೋಡೋಣ’ ಅಂತ ಫೋನ್ ಕೆಳಗಿಡುತ್ತಾರೆ. ಆ ‘ಆಮೇಲೆ’ ಬರುವುದೇ ಇಲ್ಲ.

ಮುಖಾಮುಖಿ ಕೇಳಿದ್ದರೆ ಹೀಗಾಗುತ್ತಿರಲಿಲ್ಲ. 2008ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ ಒಂದು ಅಧ್ಯಯನ ಪ್ರಕಟಿಸಿದರು. ಅಪರಿಚಿತರ ಹತ್ತಿರ ಹೋಗಿ ಒಂದು ಪ್ರಶ್ನಾವಳಿ ತುಂಬಿಕೊಡಿ ಅಂತ ಕೇಳುವ ಕೆಲಸವನ್ನು ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು. ‘ಎಷ್ಟು ಜನರನ್ನು ಕೇಳಿದರೆ ಬೇಕಾದಷ್ಟು ಮಂದಿ ಒಪ್ಪಬಹುದು?’ ಅಂತ ಮೊದಲೇ ಅಂದಾಜು ಹೇಳಿಸಿದರು. ನಿಜವಾಗಿ ಕೇಳಬೇಕಾಗಿ ಬಂದದ್ದು ಆ ಅಂದಾಜಿನ ಸುಮಾರು ಅರ್ಧದಷ್ಟು ಜನರನ್ನು ಮಾತ್ರ. ಎದುರಿಗೆ ನಿಂತವರಿಗೆ ಇಲ್ಲ ಅನ್ನುವುದು ಎಷ್ಟು ಮುಜುಗರದ ಸಂಗತಿ ಅನ್ನುವುದು ಕೇಳುವವರ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ಅವರು ಕೊಟ್ಟ ವಿವರಣೆ. ಮುಂದೆ 2017ರಲ್ಲಿ ಅದೇ ವನೆಸ್ಸಾ, ವನೆಸ್ಸಾ ಬೋನ್ಸ್ ಎಂಬ ಹೆಸರಿನಲ್ಲಿ, ಮಹ್ದಿ ರೋಗನಿಜಾದ್ ಜೊತೆ ಇದೇ ವಿಷಯವನ್ನು ಇಮೇಲಿನಲ್ಲಿ ಪರೀಕ್ಷಿಸಿದಾಗ ಫಲ ತಿರುಗಿಬಿತ್ತು. ಇಮೇಲಿನಲ್ಲಿ ಕೇಳಿದವರು ತಮಗೆ ಸಿಗುವ ಒಪ್ಪಿಗೆಯನ್ನು ಇರುವುದಕ್ಕಿಂತ ಹೆಚ್ಚಾಗಿಯೇ ಅಂದಾಜು ಮಾಡಿದ್ದರು.

ರೆಫರಲ್ ಕೇಳುವವರಿಗೆ ಈ ಎರಡು ಫಲಗಳಿಂದ ಸಿಗುವ ಪಾಠ ದೊಡ್ಡದು. ಎದುರಿಗಿದ್ದಾಗ ಸೀನಿಯರ್‌ಗೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಸಂದೇಶದಲ್ಲಿ ಇರುತ್ತದೆ, ಅದೇ ಮೌನ. ಹಾಗಾಗಿ ನಿಮ್ಮ ಸಂದೇಶ ಪೈಪೋಟಿ ನಡೆಸಬೇಕಾದದ್ದು ಬೇರೆ ಅಭ್ಯರ್ಥಿಗಳ ಜೊತೆಗಲ್ಲ, ಆ ಮೌನದ ಜೊತೆಗೆ. ಒಪ್ಪುವುದೂ ನಿರಾಕರಿಸುವುದೂ ಸುಮ್ಮನಿರುವುದಕ್ಕಿಂತ ಹಗುರವಾಗುವಂತೆ ಬರೆದರೆ ಮಾತ್ರ ಉತ್ತರ ಬರುತ್ತದೆ.

ಹಾಗೆ ಬರೆಯುವ ಮೊದಲು ಸೀನಿಯರ್ ಕಡೆಯಿಂದ ಈ ಕೆಲಸ ಹೇಗಿದೆ ಅಂತ ತಿಳಿದಿರಬೇಕು. ರೆಫರ್ ಮಾಡುವುದು ಅಂದರೆ ಮ್ಯಾನೇಜರ್ ಕಿವಿಯಲ್ಲಿ ಒಂದು ಮಾತು ಹಾಕುವುದು ಅಂತ ಊರಿನ ಕಡೆ ಅನೇಕರು ತಿಳಿದಿದ್ದಾರೆ. ಇವತ್ತಿನ ದೊಡ್ಡ ಕಂಪನಿಗಳಲ್ಲಿ ಅದು ಬಹುಮಟ್ಟಿಗೆ ಒಂದು ಫಾರಂ. ಉದ್ಯೋಗಿ ಕಂಪನಿಯ ಒಳಗಿನ ಪೋರ್ಟಲ್‌ಗೆ ಲಾಗಿನ್ ಆಗಿ, ಹುದ್ದೆಯನ್ನು ಅದರ ಸಂಖ್ಯೆಯಿಂದ ಹುಡುಕಿ, ಅಭ್ಯರ್ಥಿಯ ಹೆಸರು, ಇಮೇಲ್, ಫೋನ್ ನಂಬರ್ ತುಂಬಿ, ರೆಸ್ಯೂಮ್ ಅಪ್‌ಲೋಡ್ ಮಾಡಬೇಕು. ಅದರ ಕೆಳಗೆ ಸಾಮಾನ್ಯವಾಗಿ ಎರಡು ಪ್ರಶ್ನೆ ಇರುತ್ತವೆ. ಇವರು ನಿಮಗೆ ಹೇಗೆ ಪರಿಚಯ? ಈ ಹುದ್ದೆಗೆ ಇವರು ಏಕೆ ತಕ್ಕವರು? ಹಲವು ಕಡೆ ‘ಇವರ ಜೊತೆ ಕೆಲಸ ಮಾಡಿದ್ದೇನೆ’, ‘ವೈಯಕ್ತಿಕವಾಗಿ ಬಲ್ಲೆ’, ‘ಗೊತ್ತಿಲ್ಲ, ಪ್ರೊಫೈಲ್ ಮಾತ್ರ ಕಳಿಸುತ್ತಿದ್ದೇನೆ’ ಎಂಬಂಥ ಆಯ್ಕೆಗಳಿರುತ್ತವೆ. ಇಷ್ಟಾದ ಮೇಲೆ ಕೆಲವು ಪೋರ್ಟಲ್‌ಗಳಿಂದ ಅಭ್ಯರ್ಥಿಗೆ ಒಂದು ಲಿಂಕ್ ಹೋಗುತ್ತದೆ, ಉಳಿದ ಅರ್ಜಿಯನ್ನು ಅಭ್ಯರ್ಥಿಯೇ ಮುಗಿಸಬೇಕು.

ಎಲ್ಲ ವಿವರ ಕೈಯಲ್ಲಿದ್ದರೆ ಇದು ಐದು ನಿಮಿಷದ ಕೆಲಸ. ‘ಓಪನಿಂಗ್ ಇದೆಯಾ’ ಅಂತ ಮಾತ್ರ ಕೇಳಿದರೆ, ನೂರಾರು ಹುದ್ದೆಗಳ ಪಟ್ಟಿಯಲ್ಲಿ ನಿಮಗೆ ಹೊಂದುವುದನ್ನು ಆ ಮನುಷ್ಯ ಹುಡುಕಬೇಕು. ಅದಕ್ಕೆ ನಿಮ್ಮ ಅನುಭವ ಕೇಳಬೇಕು, ರೆಸ್ಯೂಮ್ ತರಿಸಿಕೊಳ್ಳಬೇಕು, ನಾಲ್ಕು ಸಲ ಸಂದೇಶ ಆಚೀಚೆ ಹೋಗಬೇಕು. ಆಫೀಸು ಮುಗಿಸಿ, ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ಮನೆ ಸೇರಿದವರು ಇಷ್ಟು ಮಾಡಲಿ ಅಂತ ನಿರೀಕ್ಷಿಸುವುದು ನ್ಯಾಯವಲ್ಲ.

ಆದರೆ ಸೀನಿಯರ್‌ಗಳನ್ನು ನಿಜವಾಗಿ ತಡೆಯುವುದು ಸಮಯವಲ್ಲ, ಆ ಎರಡು ಪ್ರಶ್ನೆಗಳು. ಫಾರಂನ ಜೊತೆಗೆ ಅವರ ಹೆಸರೂ ಹೋಗುತ್ತದೆ. ರೆಫರ್ ಮಾಡಿದವರು ಆಯ್ಕೆಯಾಗಿ ಕೆಲವು ತಿಂಗಳು ಉಳಿದರೆ ಉದ್ಯೋಗಿಗೆ ಬೋನಸ್ ಕೊಡುವ ಕಂಪನಿಗಳು ಬಹಳ ಇವೆ, ಹಾಗಾಗಿ ಇದು ಬರೀ ಉಪಕಾರವೂ ಅಲ್ಲ. ಅಷ್ಟಾದರೂ, ಯಾರು ಕೇಳಿದರೂ ಹಿಂದೆಮುಂದೆ ನೋಡದೆ ಕಳಿಸುವವರ ರೆಫರಲ್‌ಗೆ ನೇಮಕಾತಿ ವಿಭಾಗದವರು ಬೆಲೆ ಕೊಡುವುದು ನಿಂತುಹೋಗುತ್ತದೆ. ನಾಳೆ ತನ್ನ ಜೊತೆ ದುಡಿದ ಒಳ್ಳೆಯ ಸಹೋದ್ಯೋಗಿಯೊಬ್ಬರ ಹೆಸರು ಹೇಳಬೇಕಾದಾಗ ಆ ಬೆಲೆ ಬೇಕಲ್ಲ. ‘ಹೇಗೆ ಪರಿಚಯ’ ಅನ್ನುವ ಜಾಗದಲ್ಲಿ ಸುಳ್ಳು ಬರೆಯಲು ಮನಸ್ಸಿಲ್ಲ, ‘ಗೊತ್ತೇ ಇಲ್ಲ’ ಅಂತ ಬರೆದರೆ ಜೂನಿಯರ್‌ಗೆ ಏನು ಪ್ರಯೋಜನವೋ ಗೊತ್ತಿಲ್ಲ. ಈ ಇಕ್ಕಟ್ಟನ್ನು ನೀವೇ ಬಾಯಿಬಿಟ್ಟು ಹೇಳಿ, ನೀವೇ ಬಿಡಿಸಿಕೊಟ್ಟರೆ ಅರ್ಧ ಕೆಲಸ ಮುಗಿಯಿತು.

ಯಾರನ್ನು ಕೇಳಬೇಕು

ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದರೆ Alumni ಅನ್ನುವ ವಿಭಾಗ ಕಾಣುತ್ತದೆ. ಅಲ್ಲಿ ಕಂಪನಿಯ ಹೆಸರು, ಊರು, ಓದಿದ ವಿಷಯ ಇಷ್ಟನ್ನು ಆರಿಸಿದರೆ ಆ ಕಂಪನಿಯಲ್ಲಿ ಈಗ ಇರುವ ಹಳೆಯ ವಿದ್ಯಾರ್ಥಿಗಳ ಪಟ್ಟಿ ಬರುತ್ತದೆ. ದಾವಣಗೆರೆ, ಹಾಸನ, ಬಾಗಲಕೋಟೆಯ ಕಾಲೇಜುಗಳಲ್ಲಿ ಓದಿದವರಿಗೂ ಈ ಪಟ್ಟಿ ಅನೇಕ ಸಲ ಅಂದುಕೊಂಡದ್ದಕ್ಕಿಂತ ಉದ್ದವಾಗಿರುತ್ತದೆ.

ಪರಿಚಯವೇ ಇಲ್ಲದವರನ್ನು ಕೇಳುವುದು ಹೇಗೆ ಅಂತ ಹಿಂಜರಿಯುವವರು ಬಹಳ. ಕೆಲಸದ ವಿಷಯದಲ್ಲಿ ದೂರದ ಪರಿಚಯಕ್ಕೇ ಹೆಚ್ಚು ಬಲ ಅನ್ನುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು. ಪರಿಚಯದವರ ಮೂಲಕ ಕೆಲಸ ಪಡೆದವರನ್ನು ಅವರು ವಿಚಾರಿಸಿದಾಗ, ದಾರಿ ತೋರಿಸಿದವರನ್ನು ಆಗಾಗ್ಗೆ ಭೇಟಿಯಾಗುತ್ತಿದ್ದೆವು ಅಂದವರು ಶೇ 17ರ ಆಸುಪಾಸು ಮಾತ್ರ. ಉಳಿದವರೆಲ್ಲ ಅಪರೂಪಕ್ಕೆ, ಇಲ್ಲವೇ ಎಂದಾದರೊಮ್ಮೆ ಸಿಗುತ್ತಿದ್ದವರು. ನಿಮ್ಮ ಆಪ್ತ ಗೆಳೆಯರಿಗೆ ಗೊತ್ತಿರುವ ಹುದ್ದೆಗಳು ನಿಮಗೂ ಗೊತ್ತಿರುತ್ತವೆ. ಬೇರೆ ವಲಯದಲ್ಲಿ ಓಡಾಡುವವರ ಹತ್ತಿರವೇ ಹೊಸ ಸುದ್ದಿ ಇರುವುದು. ಒಂದೇ ಕಾಲೇಜಿನ ಏಳು ವರ್ಷ ಹಿಂದಿನ ಸೀನಿಯರ್ ಸರಿಯಾಗಿ ಇಂಥ ದೂರದ ಪರಿಚಯ. ಒಂದೇ ಲ್ಯಾಬ್, ಒಂದೇ ಮೇಷ್ಟರು, ಒಂದೇ ಕ್ಯಾಂಟೀನು, ಆದರೆ ಬೇರೆಯೇ ಲೋಕ.

ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಹುದ್ದೆಯವರನ್ನು ಹಿಡಿಯಬೇಡಿ. ನೀವು ಹಾಕಬೇಕೆಂದಿರುವ ಹುದ್ದೆಯ ಹತ್ತಿರದ ಕೆಲಸ ಮಾಡುವವರು, ನಿಮ್ಮ ವಿಭಾಗದಲ್ಲೇ ಓದಿದವರು, ನಿಮಗಿಂತ ಹತ್ತು ವರ್ಷದೊಳಗೆ ಹಿರಿಯರು ಸಿಕ್ಕರೆ ಒಳ್ಳೆಯದು. ನಿಮ್ಮ ರೆಸ್ಯೂಮ್ ಓದಿದ ತಕ್ಷಣ ಇದು ಹೊಂದುತ್ತದೋ ಇಲ್ಲವೋ ಅಂತ ಅವರಿಗೆ ತಿಳಿಯುತ್ತದೆ. ಒಂದು ಕಂಪನಿಯಲ್ಲಿ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಕೇಳಿ. ಐದು ಜನಕ್ಕೆ ಒಂದೇ ಸಂದೇಶ ಕಳಿಸಿ, ಇಬ್ಬರು ಫಾರಂ ತುಂಬಲು ಹೊರಟರೆ ಎರಡನೆಯವರಿಗೆ ‘ಈ ಅಭ್ಯರ್ಥಿ ಆಗಲೇ ದಾಖಲಾಗಿದ್ದಾರೆ’ ಅಂತ ಪರದೆ ತೋರಿಸುತ್ತದೆ. ಆ ಕ್ಷಣದಲ್ಲಿ ಅವರಿಗೆ ಆಗುವ ಬೇಸರವನ್ನು ಯಾವ ಕ್ಷಮಾಪಣೆಯೂ ತೊಳೆಯುವುದಿಲ್ಲ. ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಯಾರಾದರೂ ರೆಫರ್ ಮಾಡಿ’ ಅಂತ ಹಾಕುವುದಂತೂ ಯಾರನ್ನೂ ಕೇಳದಿದ್ದ ಹಾಗೆ. ಇನ್ನೂರು ಜನರಲ್ಲಿ ಪ್ರತಿಯೊಬ್ಬರೂ ಬೇರೆ ಯಾರೋ ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ.

ಒಂದು ಸಂದೇಶವನ್ನು ಬಿಡಿಸಿ ನೋಡೋಣ

ಉದಾಹರಣೆಗೆ ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಓದಿ 2023ರಲ್ಲಿ ಮುಗಿಸಿದ ಹುಡುಗಿಯೊಬ್ಬಳನ್ನು ತೆಗೆದುಕೊಳ್ಳೋಣ. ರಾಜಾಜಿನಗರದ ಒಂದು ಸಣ್ಣ ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯಲ್ಲಿ ಎರಡು ವರ್ಷದಿಂದ ಟೆಸ್ಟಿಂಗ್ ಮಾಡುತ್ತಿದ್ದಾಳೆ. ವೈಟ್‌ಫೀಲ್ಡಿನ ದೊಡ್ಡ ಕಂಪನಿಯೊಂದು ಟೆಸ್ಟ್ ಎಂಜಿನಿಯರ್ ಬೇಕು ಅಂತ ಸೋಮವಾರ ಪ್ರಕಟಿಸಿದೆ. ಅಲ್ಲಿ ಅವಳ ಕಾಲೇಜಿನ 2016ರ ಬ್ಯಾಚಿನವರೊಬ್ಬರು ಇದ್ದಾರೆ, ಒಮ್ಮೆಯೂ ಭೇಟಿಯಾಗಿಲ್ಲ. ಅವಳು ಬರೆಯಬಹುದಾದದ್ದು ಇದು. ಇಂಗ್ಲಿಷಿನಲ್ಲಿ ಬರೆದರೂ ಕನ್ನಡದಲ್ಲಿ ಬರೆದರೂ ವಿಷಯ ಇದೇ.

“ನಮಸ್ಕಾರ ಸರ್. ನಾನು ನಮ್ಮ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ 2023ರಲ್ಲಿ ಮುಗಿಸಿದವಳು. ನಮಗೆ ಪರಿಚಯವಿಲ್ಲ. ನೀವು 2016ರ ಬ್ಯಾಚ್ ಅಂತ ಲಿಂಕ್ಡ್‌ಇನ್‌ನಲ್ಲಿ ನೋಡಿ, ನಿಮ್ಮ ಕಂಪನಿಯ ಟೆಸ್ಟ್ ಎಂಜಿನಿಯರ್ ಹುದ್ದೆಗೆ ರೆಫರಲ್ ಕೇಳಲು ಬರೆಯುತ್ತಿದ್ದೇನೆ. Job ID: R-20417.

“ಅದಕ್ಕೆ ಎರಡು ವರ್ಷದ ಆಟೊಮೇಷನ್ ಅನುಭವ ಕೇಳಿದ್ದಾರೆ. ನಾನು ಎರಡು ವರ್ಷದಿಂದ ಸೆಲೆನಿಯಮ್ ಮತ್ತು ಪೈಥಾನ್‌ನಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಕೈಯಿಂದ ಎರಡು ದಿನ ಹಿಡಿಯುತ್ತಿದ್ದ ರಿಗ್ರೆಷನ್ ಟೆಸ್ಟ್ ಈಗ ರಾತ್ರಿ ತಾನಾಗಿ ನಡೆದು ಬೆಳಿಗ್ಗೆ ವರದಿ ಸಿಗುವ ಹಾಗೆ ಮಾಡಿದ್ದೇನೆ. ಅವರು ಕೇಳಿರುವ ಮೊಬೈಲ್ ಆ್ಯಪ್ ಟೆಸ್ಟಿಂಗ್ ನನಗೆ ಬರುವುದಿಲ್ಲ.

“ನೀವು ನನ್ನ ಕೆಲಸ ಕಂಡವರಲ್ಲ. ಗೊತ್ತಿಲ್ಲದವರನ್ನು ರೆಫರ್ ಮಾಡುವುದು ನಿಮಗಾಗಲಿ ಕಂಪನಿಗಾಗಲಿ ಸರಿಬರದಿದ್ದರೆ ‘ಆಗಲ್ಲ’ ಅಂತ ಒಂದು ಮಾತು ಸಾಕು, ಕಾರಣ ಹೇಳಬೇಕಿಲ್ಲ. ಶುಕ್ರವಾರ ಸಂಜೆಯವರೆಗೆ ನೋಡಿ, ಆಮೇಲೆ ನಾನೇ ಕಂಪನಿಯ ಸೈಟಿನಲ್ಲಿ ಅರ್ಜಿ ಹಾಕುತ್ತೇನೆ. ಇನ್ನೂ ಹಾಕಿಲ್ಲ. ‘ಕಾಲೇಜಿನ ಜೂನಿಯರ್, ಒಟ್ಟಿಗೆ ಕೆಲಸ ಮಾಡಿಲ್ಲ’ ಅಂತ ನಮೂದಿಸಿ ಕಳಿಸಿದರೂ ನನಗೆ ಉಪಕಾರವೇ. ಫಾರಂಗೆ ಬೇಕಾದ ವಿವರಗಳು ಕೆಳಗಿವೆ.”

ಅದರ ಕೆಳಗೆ ಪೂರ್ತಿ ಹೆಸರು, ಇಮೇಲ್, ಫೋನ್, ನೋಟಿಸ್ ಪೀರಿಯಡ್ ಎಷ್ಟು ಎಂಬುದು, ಹುದ್ದೆಯ ಲಿಂಕ್, ಜೊತೆಗೆ ಒಂದು ಪಿಡಿಎಫ್ ರೆಸ್ಯೂಮ್. ಇಷ್ಟೇ. ಸಂಬಳದ ಸ್ಲಿಪ್ಪು, ಆಧಾರ್, ಅಂಕಪಟ್ಟಿ ಯಾವುದನ್ನೂ ಈ ಹಂತದಲ್ಲಿ ಕಳಿಸಬಾರದು. ಫಾರಂಗೆ ಅವು ಬೇಕಾಗಿಲ್ಲ, ಅಪರಿಚಿತರ ಫೋನಿನಲ್ಲಿ ಅವು ಇರುವುದೂ ಒಳ್ಳೆಯದಲ್ಲ.

ಈ ಸಂದೇಶದಲ್ಲಿ ಮೊದಲು ಗಮನಿಸಬೇಕಾದದ್ದು, ಕೇಳುವ ವಿಷಯ ಆರಂಭದಲ್ಲೇ ಬಂದುಬಿಡುತ್ತದೆ. ಮೊದಲ ದಿನ ‘ಹೇಗಿದ್ದೀರಿ ಸರ್’, ಎರಡನೆಯ ದಿನ ‘ನಿಮ್ಮ ಪಯಣ ಸ್ಫೂರ್ತಿದಾಯಕ’, ಮೂರನೆಯ ದಿನ ‘ಒಂದು ಸಹಾಯ ಆಗಬೇಕಿತ್ತು’ ಅನ್ನುವ ಕ್ರಮವನ್ನು ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಸರಿಯಲ್ಲ ಅನ್ನಿಸುತ್ತದೆ. ಮೂರನೆಯ ದಿನ ನಿಜ ವಿಷಯ ಬಂದಾಗ ಮೊದಲೆರಡು ದಿನದ ಮಾತೆಲ್ಲ ಬಣ್ಣ ಕಳೆದುಕೊಳ್ಳುತ್ತದೆ. ಅವರ ಕೆಲಸದ ಬಗ್ಗೆ ನಿಜವಾಗಿ ತಿಳಿಯಬೇಕೆಂದಿದ್ದರೆ, ಹುದ್ದೆಯ ಪ್ರಶ್ನೆ ಇಲ್ಲದಿರುವಾಗ ಕೇಳಿ, ಅದರ ದಾರಿಯೇ ಬೇರೆ.

ಬ್ಯಾಚು, ವಿಭಾಗ ಹೇಳಿರುವುದು ಸೀನಿಯರ್ ನಿಮ್ಮನ್ನು ಪರಿಶೀಲಿಸಿಕೊಳ್ಳಲಿ ಅಂತ. ಬೇಕಾದರೆ ತಮ್ಮ ಗೆಳೆಯರನ್ನೋ ಮೇಷ್ಟರನ್ನೋ ಅವರು ವಿಚಾರಿಸಬಹುದು. ‘ಸರ್’ ಅನ್ನುವುದರ ಬದಲು ‘ಅಣ್ಣ’, ‘ಅಕ್ಕ’ ಅನ್ನುವ ವಾಡಿಕೆ ನಮ್ಮ ಅನೇಕ ಕಾಲೇಜುಗಳಲ್ಲಿದೆ, ಹಾಸ್ಟೆಲಿನಲ್ಲಿ ಒಟ್ಟಿಗೆ ಇದ್ದವರಾದರೆ ಹಾಗೆ ಕರೆಯುವುದೇ ಸಹಜ. ಮುಖವನ್ನೇ ಕಾಣದವರನ್ನು ಮೊದಲ ಸಾಲಿನಲ್ಲೇ ‘ಅಣ್ಣ’ ಅಂದು, ‘ತಂಗಿ ಅಂತ ತಿಳಿದು ಸಹಾಯ ಮಾಡಿ’ ಅಂದರೆ ಮಾತ್ರ ತೊಡಕು. ಒಡಹುಟ್ಟಿದವರಿಗೆ ‘ಆಗಲ್ಲ’ ಅನ್ನುವುದು ಹೇಗೆ? ಇಲ್ಲ ಅನ್ನುವ ಬಾಗಿಲನ್ನು ಆ ಒಂದು ಮಾತು ಮುಚ್ಚಿಬಿಡುತ್ತದೆ. ಮನೆಯ ಕಷ್ಟ, ಅಪ್ಪನ ಸಾಲ, ತಂಗಿಯ ಮದುವೆಯ ಮಾತೂ ಹೀಗೆಯೇ. ಅವು ಸುಳ್ಳಲ್ಲ, ಸಣ್ಣವೂ ಅಲ್ಲ. ಆದರೆ ಆ ಫಾರಂನಲ್ಲಿ ಅವನ್ನು ಬರೆಯಲು ಜಾಗವಿಲ್ಲ, ಓದಿದವರ ಎದೆಯ ಮೇಲೆ ಮಾತ್ರ ಅವು ಕೂರುತ್ತವೆ.

ಎರಡನೆಯ ಭಾಗದಲ್ಲಿ ಹುದ್ದೆ ಕೇಳಿದ್ದೇನು, ತನ್ನಲ್ಲಿರುವುದೇನು ಎಂಬುದು ಅಕ್ಕಪಕ್ಕದಲ್ಲಿದೆ. ‘ಏಕೆ ತಕ್ಕವರು’ ಎಂಬ ಪ್ರಶ್ನೆಗೆ ಸೀನಿಯರ್ ಅಲ್ಲಿಂದಲೇ ಎರಡು ಸಾಲು ಎತ್ತಿ ಹಾಕಬಹುದು. ತನಗೆ ಬಾರದ್ದನ್ನೂ ಅವಳು ಹೇಳಿದ್ದಾಳಲ್ಲ, ಅದು ನಷ್ಟವಲ್ಲವೇ ಅಂತ ಕೇಳಬಹುದು. ಮೊಬೈಲ್ ಟೆಸ್ಟಿಂಗ್ ಆ ತಂಡಕ್ಕೆ ಪ್ರಾಣವಾಗಿದ್ದರೆ ಅವಳು ಹೇಗೂ ಆಯ್ಕೆಯಾಗುವುದಿಲ್ಲ, ಸೀನಿಯರ್ ಅದನ್ನು ಈಗಲೇ ಹೇಳಿಯಾರು. ಪ್ರಾಣವಲ್ಲದಿದ್ದರೆ, ಕೊರತೆಯನ್ನು ಮುಚ್ಚಿಡದವಳು ಇರುವುದನ್ನೂ ಸರಿಯಾಗಿಯೇ ಹೇಳಿರುತ್ತಾಳೆ ಅಂತ ಅವರಿಗೆ ನಂಬಿಕೆ ಹುಟ್ಟುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಮೂರನೆಯ ಭಾಗ. ‘ನೀವು ನನ್ನ ಕೆಲಸ ಕಂಡವರಲ್ಲ’ ಅನ್ನುವ ಸಾಲು ಸೀನಿಯರ್ ಮನಸ್ಸಿನಲ್ಲಿದ್ದ ಅಳುಕನ್ನು ಅವರಿಗಿಂತ ಮೊದಲೇ ಆಡಿಬಿಡುತ್ತದೆ. ನಿರಾಕರಿಸಲು ಬೇಕಾದ ಕಾರಣವೂ ಅದರಲ್ಲೇ ಇದೆ, ಅವರು ಹೊಸದಾಗಿ ಹುಡುಕಬೇಕಿಲ್ಲ. ನಿಜವಾದ ಕಾರಣ ಏನು ಬೇಕಾದರೂ ಇರಬಹುದು. ಅವರೇ ರಾಜೀನಾಮೆ ಕೊಟ್ಟು ನೋಟಿಸ್ ಪೀರಿಯಡ್‌ನಲ್ಲಿರಬಹುದು. ಅದೇ ಹುದ್ದೆಗೆ ಆಗಲೇ ಬೇರೊಬ್ಬರ ಹೆಸರು ಕೊಟ್ಟಿರಬಹುದು. ತಂಡದಲ್ಲಿ ಕೆಲಸದಿಂದ ತೆಗೆಯುವ ಸುದ್ದಿ ಓಡಾಡುತ್ತಿರಬಹುದು, ಅದನ್ನು ಹೊರಗೆ ಹೇಳುವಂತಿಲ್ಲ. ‘ಕಾರಣ ಹೇಳಬೇಕಿಲ್ಲ’ ಅಂದದ್ದರಿಂದ ಇವರೆಲ್ಲರೂ ಸುಳ್ಳು ಹೇಳದೆ ಪಾರಾಗುತ್ತಾರೆ. ಜೊತೆಗೆ ನಡುವಿನ ಒಂದು ದಾರಿಯನ್ನೂ ಅವಳು ತೋರಿಸಿದ್ದಾಳೆ. ‘ಒಟ್ಟಿಗೆ ಕೆಲಸ ಮಾಡಿಲ್ಲ’ ಅಂತಲೇ ನಮೂದಿಸಿ ಕಳಿಸುವುದು. ಬಲವಾದ ಶಿಫಾರಸಿನ ತೂಕ ಅದಕ್ಕಿಲ್ಲ. ಆದರೂ ಸೀನಿಯರ್ ಸತ್ಯ ಬಿಡದೆ ಕೈ ಜೋಡಿಸಬಹುದು, ನಿಮ್ಮ ರೆಸ್ಯೂಮ್ ಸಾವಿರಾರು ಅರ್ಜಿಗಳ ಗುಂಪಿನಿಂದ ಹೊರಗೆ ಬಂದು ರಿಕ್ರೂಟರ್ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚುತ್ತದೆ.

ಶುಕ್ರವಾರದ ಗಡುವನ್ನು ಓದಿದವರು ಇದು ಸೀನಿಯರ್‌ಗೆ ಒತ್ತಡ ಹೇರಿದ ಹಾಗಲ್ಲವೇ ಅನ್ನಬಹುದು. ಗಡುವು ಅವಳು ತನಗೇ ಹಾಕಿಕೊಂಡದ್ದು. ಉತ್ತರ ಬಾರದಿದ್ದರೆ ಏನಾಗುತ್ತದೆ ಅನ್ನುವುದು ಮೊದಲೇ ತೀರ್ಮಾನವಾಗಿದೆ, ಅವಳು ನೇರವಾಗಿ ಅರ್ಜಿ ಹಾಕುತ್ತಾಳೆ, ಯಾರ ಬದುಕೂ ನಿಲ್ಲುವುದಿಲ್ಲ. ಸಂದೇಶವನ್ನು ಹತ್ತು ದಿನ ಬಿಟ್ಟು ನೋಡಿದ ಸೀನಿಯರ್‌ಗೂ ಪಾಪಪ್ರಜ್ಞೆ ಬೇಡ. ಈ ಗಡುವಿಗೆ ತಾಂತ್ರಿಕ ಕಾರಣವೂ ಇದೆ. ನೀವು ಮೊದಲೇ ಕಂಪನಿಯ ಸೈಟಿನಲ್ಲಿ ಅರ್ಜಿ ಹಾಕಿಬಿಟ್ಟರೆ ಆಮೇಲೆ ರೆಫರಲ್ ಸೇರಿಸಲು ಅನೇಕ ಕಂಪನಿಗಳ ವ್ಯವಸ್ಥೆ ಬಿಡುವುದಿಲ್ಲ. ಅದಕ್ಕೇ ‘ಇನ್ನೂ ಹಾಕಿಲ್ಲ’ ಅಂತ ಬರೆಯುವುದು ಮುಖ್ಯ. ಹಾಗಂತ ಕಾಯುತ್ತಲೇ ಕೂತರೆ ಹುದ್ದೆಯೇ ಮುಚ್ಚಿಹೋಗುತ್ತದೆ. ಪ್ರಕಟವಾಗಿ ಒಂದೆರಡು ದಿನವಾಗಿದ್ದರೆ ನಾಲ್ಕೈದು ದಿನ ಕಾಯಬಹುದು. ಮೂರು ವಾರ ಹಳೆಯದಾಗಿದ್ದರೆ, ಅಥವಾ ಕೊನೆಯ ದಿನಾಂಕ ಹತ್ತಿರವಿದ್ದರೆ, ರೆಫರಲ್ ಆಸೆ ಬಿಟ್ಟು ಆವತ್ತೇ ನೇರವಾಗಿ ಅರ್ಜಿ ಹಾಕುವುದು ಜಾಣತನ.

ರೆಸ್ಯೂಮ್ ಬಗ್ಗೆ ಒಂದು ಮಾತು. ಗೂಗಲ್ ಡ್ರೈವ್ ಲಿಂಕ್ ಕಳಿಸಿ ಅನುಮತಿ ಕೊಡಲು ಮರೆಯುವುದು ದಿನಬೆಳಗಾದರೆ ನಡೆಯುವ ಎಡವಟ್ಟು. ಸೀನಿಯರ್ ಒತ್ತಿದಾಗ ‘ಅನುಮತಿ ಕೇಳಿ’ ಅಂತ ಪರದೆ ಬರುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ಪಿಡಿಎಫ್ ಅನ್ನೇ ಲಗತ್ತಿಸಿ, ಕಡತಕ್ಕೆ ನಿಮ್ಮ ಹೆಸರಿಡಿ. ಲಿಂಕ್ಡ್‌ಇನ್‌ನಲ್ಲಿ ಇನ್ನೂ ಸಂಪರ್ಕಕ್ಕೆ ಬಾರದವರಿಗೆ ಕಳಿಸುವ ಕೋರಿಕೆಯ ಜೊತೆ ತೀರಾ ಚಿಕ್ಕ ಟಿಪ್ಪಣಿಗೆ ಮಾತ್ರ ಜಾಗ ಇರುತ್ತದೆ. ಅಲ್ಲಿ ಕಾಲೇಜು, ಬ್ಯಾಚು, ಹುದ್ದೆಯ ಸಂಖ್ಯೆ, ‘ರೆಫರಲ್ ಕೇಳಲು ಬರೆಯುತ್ತಿದ್ದೇನೆ, ಆಗದಿದ್ದರೂ ತೊಂದರೆಯಿಲ್ಲ’ ಇಷ್ಟನ್ನು ಹಾಕಿ, ಅವರು ಒಪ್ಪಿದ ಮೇಲೆ ಪೂರ್ತಿ ಸಂದೇಶ ಕಳಿಸಬಹುದು. ಕೇಳದೆ ಫೋನ್ ಮಾಡಬೇಡಿ. ಅವರ ಊರಿನ ಮನೆಯವರ ಮೂಲಕ ಹೇಳಿಸುವುದಂತೂ ಬೇಡವೇ ಬೇಡ.

ಉತ್ತರ ಬಂದ ಮೇಲೆ

‘ಆಯ್ತು, ಹಾಕಿದ್ದೇನೆ’ ಅಂತ ಸೀನಿಯರ್ ಬರೆದರೆ ಮುಂದಿನ ಕೆಲಸ ನಿಮ್ಮದು. ಕಂಪನಿಯಿಂದ ಬರುವ ಲಿಂಕ್ ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದಿರಬಹುದು, ಅದನ್ನೂ ನೋಡಿ. ಕೆಲವು ಲಿಂಕ್‌ಗಳಿಗೆ ಅವಧಿ ಇರುತ್ತದೆ, ಹಾಗಾಗಿ ಅದೇ ದಿನ ಅರ್ಜಿ ಮುಗಿಸಿ ‘ಸಲ್ಲಿಸಿದೆ ಸರ್, ಥ್ಯಾಂಕ್ಸ್’ ಅಂತ ತಿಳಿಸಿ. ಅಲ್ಲಿಂದ ಮುಂದೆ ವಾರಕ್ಕೊಮ್ಮೆ ‘ಏನಾಯ್ತು ಸರ್’ ಅಂತ ಕೇಳಬೇಡಿ. ಅವರ ಪೋರ್ಟಲ್‌ನಲ್ಲಿ ‘ಪರಿಶೀಲನೆಯಲ್ಲಿದೆ’ ಅನ್ನುವಂಥ ಒಂದು ಸಾಲಿಗಿಂತ ಹೆಚ್ಚೇನೂ ಕಾಣದಿರಬಹುದು. ಯಾರನ್ನು ಕರೆಯಬೇಕು ಅನ್ನುವುದು ರಿಕ್ರೂಟರ್ ಮತ್ತು ಆ ತಂಡದ ಮ್ಯಾನೇಜರ್ ಕೈಯಲ್ಲಿರುತ್ತದೆ. ಶೇ 60 ಅಂಕ ಬೇಕು, ಬ್ಯಾಕ್‌ಲಾಗ್ ಇರಕೂಡದು, ಇಂಥ ವರ್ಷ ಮುಗಿಸಿದವರೇ ಆಗಬೇಕು ಎಂಬ ಷರತ್ತಿದ್ದರೆ ಸಾಮಾನ್ಯವಾಗಿ ಯಾವ ರೆಫರಲ್ಲೂ ಅದನ್ನು ದಾಟಿಸುವುದಿಲ್ಲ. ಸಂದರ್ಶನ ನಿಗದಿಯಾದರೆ, ಆಯ್ಕೆಯಾದರೆ, ಆಗದಿದ್ದರೆ, ಅಥವಾ ಬೇರೆ ಕಡೆ ಕೆಲಸ ಸಿಕ್ಕಿ ಹಿಂದೆ ಸರಿಯುವುದಾದರೆ ಒಂದು ಸಾಲು ಬರೆಯಿರಿ. ಬೇರೆಯವರಿಂದ ಅದು ಅವರ ಕಿವಿಗೆ ಬೀಳಬಾರದು.

‘ಆಗಲ್ಲ’ ಅಂತ ಬಂದರೆ ‘ತಿಳಿಸಿದ್ದಕ್ಕೆ ಥ್ಯಾಂಕ್ಸ್ ಸರ್, ಇವತ್ತೇ ನೇರವಾಗಿ ಹಾಕುತ್ತೇನೆ’ ಅಂದು ಮುಗಿಸಿ. ಏಕೆ ಅಂತ ಕೇಳಿದರೆ, ಕಾರಣ ಬೇಡ ಅಂದ ಮಾತು ಸುಳ್ಳಾಗುತ್ತದೆ. ಸಮಯವಿದ್ದರೆ ಅದೇ ಕಂಪನಿಯಲ್ಲಿ ಇನ್ನೊಬ್ಬ ಸೀನಿಯರ್‌ನನ್ನು ಈಗ ಕೇಳಬಹುದು, ಅದರಲ್ಲಿ ತಪ್ಪಿಲ್ಲ. ‘ರೆಸ್ಯೂಮ್ ಕಳಿಸಿರಿ, ನೋಡೋಣ’ ಅನ್ನುವ ಉತ್ತರ ನಮ್ಮ ಕಡೆ ಬಹಳ. ರೆಸ್ಯೂಮ್ ಆಗಲೇ ಕಳಿಸಿದ್ದರೂ ಹೀಗೆ ಬಂದರೆ ಅದು ಮೃದುವಾದ ನಿರಾಕರಣೆ ಅಂತಲೇ ತಿಳಿಯಿರಿ. ಇನ್ನೊಮ್ಮೆ ಲಗತ್ತಿಸಿ, ನಿಮ್ಮ ಶುಕ್ರವಾರಕ್ಕೆ ಅಂಟಿಕೊಳ್ಳಿ. ಉತ್ತರವೇ ಬಾರದಿದ್ದರೆ ಗಡುವಿನ ಹಿಂದಿನ ದಿನ ಒಂದೇ ಒಂದು ನೆನಪೋಲೆ ಸಾಕು: ‘ಸರ್, ನಾಳೆ ಸಂಜೆ ನೇರವಾಗಿ ಅರ್ಜಿ ಹಾಕುತ್ತಿದ್ದೇನೆ, ಅಷ್ಟರಲ್ಲಿ ಸಾಧ್ಯವಾದರೆ ತಿಳಿಸಿ.’ ಎರಡನೆಯ ನೆನಪೋಲೆ ಬೇಡ.

ಒಂದು ಎಚ್ಚರಿಕೆ ಹೇಳಲೇಬೇಕು. ರೆಫರ್ ಮಾಡುತ್ತೇನೆ, ಇಷ್ಟು ಹಣ ಕಳಿಸಿ ಅನ್ನುವವರು ಸೀನಿಯರ್ ಆದರೂ, ಸೀನಿಯರ್ ಹೆಸರಿನ ಖಾತೆಯಾದರೂ, ಮಾತು ಅಲ್ಲಿಗೇ ನಿಲ್ಲಿಸಿ. ಉದ್ಯೋಗಿಗೆ ರೆಫರಲ್ ಬೋನಸ್ ಕೊಡುವುದು ಕಂಪನಿ. ಅಭ್ಯರ್ಥಿಯಿಂದ ಹಣ ಪಡೆಯುವುದಕ್ಕೆ ಅಲ್ಲಿ ಜಾಗವಿಲ್ಲ. ಸಿಕ್ಕಿಬಿದ್ದರೆ ಕೇಳಿದವರ ಕೆಲಸವೂ ಕೊಟ್ಟವರ ಅವಕಾಶವೂ ಹೋಗುತ್ತವೆ.

ಇದನ್ನು ಓದುತ್ತಿರುವವರಲ್ಲಿ ಸೀನಿಯರ್‌ಗಳೂ ಇರುತ್ತೀರಿ. ನಿಮ್ಮಲ್ಲಿ ಒಂದು ವಿನಂತಿ. ರೆಫರ್ ಮಾಡಲು ಮನಸ್ಸಿಲ್ಲದಿದ್ದರೆ ಮಾಡಬೇಡಿ, ಅದು ನಿಮ್ಮ ಹಕ್ಕು. ಆದರೆ ದಾವಣಗೆರೆಯಲ್ಲೋ ವಿಜಯಪುರದಲ್ಲೋ ಕೂತ ಜೂನಿಯರ್ ನಿಮ್ಮ ಉತ್ತರಕ್ಕಾಗಿ ತನ್ನ ಅರ್ಜಿಯನ್ನು ತಡೆದಿಟ್ಟುಕೊಂಡಿರುತ್ತಾನೆ, ಆ ಹುದ್ದೆ ದಿನದಿನಕ್ಕೂ ಹಳೆಯದಾಗುತ್ತಿರುತ್ತದೆ. ಸಂದೇಶ ಓದಿದ ದಿನವೇ ‘ಆಗಲ್ಲ, ನೇರವಾಗಿ ಹಾಕಿ’ ಅಂತ ಬರೆದುಬಿಡಿ.